ಹೊಸ ಫ್ಲ್ಯಾಟ್‌ಮೇಟ್‌ಗಳಿಗೆ ವೈಫೈ ಚೀಟಿ: ಪಾಸ್‌ವರ್ಡ್ ಯಾರಿಗೆ ಕೊಡಬೇಕು, ಯಾವಾಗ ಬದಲಿಸಬೇಕು?

ಪ್ರಶ್ನೆ: ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಮೂವರು ಇರುವ ಮನೆ. ಇಂಟರ್ನೆಟ್ ಕರಾರು ನನ್ನ ಹೆಸರಲ್ಲಿದೆ, ರೂಟರ್ ಫ್ರಿಟ್ಸ್‌ಬಾಕ್ಸ್. ಜೊತೆಗಿದ್ದ ಇಬ್ಬರೂ ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡುತ್ತಾರೆ. ಅಕ್ಟೋಬರ್ 1ಕ್ಕೆ ಹುಬ್ಬಳ್ಳಿಯಿಂದ ಒಬ್ಬರು, ಮಂಗಳೂರಿನಿಂದ ಒಬ್ಬರು ಬರುತ್ತಾರೆ. ವೈಫೈ ಪಾಸ್‌ವರ್ಡ್ ಹೇಗೆ ಹಂಚಿಕೊಳ್ಳೋಣ, ಯಾವಾಗ ಬದಲಿಸೋಣ ಅಂತ ಅವರಿಗೆ ಒಂದು ಚೀಟಿ ಬರೆಯಬೇಕು. ಅವರ ಮೇಲೆ ನಂಬಿಕೆ ಇಲ್ಲ ಅನ್ನುವ ಹಾಗೆ ಕಾಣಬಾರದು. ತಿಂಗಳಿಗೊಮ್ಮೆ ಬದಲಿಸಿದರೆ ಸಾಕಾ?

ಉತ್ತರ: ತಿಂಗಳಿಗೊಮ್ಮೆ ಬೇಡ. ಮನೆಯಿಂದ ಯಾರಾದರೂ ಖಾಲಿ ಮಾಡಿದಾಗ ಬದಲಿಸಿ, ಮಧ್ಯದಲ್ಲಿ ಮುಟ್ಟಬೇಡಿ. ಕ್ಯಾಲೆಂಡರ್ ನೋಡಿ ಪಾಸ್‌ವರ್ಡ್ ಬದಲಿಸುವ ಮನೆಗಳಲ್ಲಿ ಎರಡು ತಿಂಗಳಿಗೆ ಎಲ್ಲರಿಗೂ ಬೇಸರ ಬರುತ್ತದೆ. ಆಮೇಲೆ ಹಳೆಯ ಪಾಸ್‌ವರ್ಡ್ ಕೊನೆಗೆ 1, 2, 3 ಅಂತ ಸೇರಿಸುತ್ತಾ ಹೋಗುತ್ತಾರೆ. ಅದನ್ನು ಊಹಿಸುವುದು ಯಾರಿಗೂ ಕಷ್ಟವಲ್ಲ. ಜರ್ಮನಿಯ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಬಿಎಸ್ಐ ಕೂಡ 2020ರಲ್ಲಿ, ಸುಮ್ನೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ಸಲಹೆಯನ್ನು ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿತು. ಬದಲಿಸಲು ಒಂದು ಕಾರಣ ಇರಬೇಕು. ನಿಮ್ಮ ಮನೆಯಲ್ಲಿ ಆ ಕಾರಣ ಅಂದರೆ ಒಬ್ಬರು ಕೋಣೆಯ ಬೀಗದ ಕೈ ವಾಪಸ್ ಕೊಟ್ಟು ಹೋಗುವುದು.

ಈ ಕಾರಣವನ್ನೇ ಚೀಟಿಯ ಮೊದಲಲ್ಲಿ ಬರೆದರೆ ನಿಮ್ಮ ಇನ್ನೊಂದು ಚಿಂತೆಯೂ ಕಡಿಮೆಯಾಗುತ್ತದೆ. "ಯಾರು ಹೋದರೂ ಬದಲಿಸುತ್ತೇವೆ, ನಾಳೆ ನಾನು ಹೋದರೂ ನೀವು ಬದಲಿಸಬೇಕು" ಅಂದಾಗ ಅದು ಒಬ್ಬರ ಮೇಲಿನ ಅನುಮಾನ ಆಗುವುದಿಲ್ಲ, ಮನೆಯ ರೂಢಿ ಆಗುತ್ತದೆ. ಹೊಸಬರಿಗೂ ಅದರಲ್ಲಿ ಲಾಭ ಇದೆ. ಅವರು ಬರುವ ಮೊದಲು ಆ ಮನೆಯಲ್ಲಿ ಯಾರ್ಯಾರು ಇದ್ದರೋ ಅವರ ಫೋನುಗಳೆಲ್ಲ ಅದೇ ನೆಟ್‌ವರ್ಕ್‌ನಲ್ಲಿ ಉಳಿಯುವುದು ಅವರಿಗೂ ಬೇಡ ಅಲ್ವಾ?

ಹಾಗಾದರೆ ಹೋದವರ ಫೋನನ್ನು ಮಾತ್ರ ಹೊರಗಿಟ್ಟರೆ ಸಾಲದೇ ಅಂತ ಕೇಳಬಹುದು. ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ನಿಮ್ಮ ಯೂನಿವರ್ಸಿಟಿಯಲ್ಲಿ ಎಡುರೋಮ್ ಬಳಸುತ್ತೀರಿ. ಅಲ್ಲಿ ಪ್ರತಿಯೊಬ್ಬರಿಗೂ ಅವರದೇ ಐಡಿ, ಅವರದೇ ಪಾಸ್‌ವರ್ಡ್. ಓದು ಮುಗಿಸಿ ಹೋದವರ ಖಾತೆ ಮುಚ್ಚಿದರೆ ಅವರೊಬ್ಬರೇ ಹೊರಗೆ, ಉಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯ ವೈಫೈನಲ್ಲಿ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್. ಅದು ಯಾರು ಒತ್ತಿದ್ದು ಅಂತ ರೂಟರ್‌ಗೆ ತಿಳಿಯುವುದಿಲ್ಲ. ಸಾಧನದ ಗುರುತಿನ ಸಂಖ್ಯೆ, ಅಂದರೆ ಮ್ಯಾಕ್ ವಿಳಾಸ ನೋಡಿ ತಡೆಯುವ ಸೌಲಭ್ಯ ಫ್ರಿಟ್ಸ್‌ಬಾಕ್ಸ್‌ನಲ್ಲಿ ಇದೆ, ಆದರೆ ಅದನ್ನು ನಂಬಿಕೊಳ್ಳಬೇಡಿ. ಈಗಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳು ನಿಜವಾದ ವಿಳಾಸದ ಬದಲು ತಾವೇ ಹುಟ್ಟಿಸಿದ ವಿಳಾಸ ತೋರಿಸುತ್ತವೆ. ಅದನ್ನು ಬದಲಿಸುವುದೂ ಸುಲಭ.

ಇನ್ನೊಂದು ಮಾತು. ಪಾಸ್‌ವರ್ಡ್ ಅನ್ನು ಮೂವರಲ್ಲೇ ಗುಟ್ಟಾಗಿ ಇಡುತ್ತೇವೆ ಅನ್ನುವ ಭರವಸೆಯ ಮೇಲೆ ಏರ್ಪಾಡು ಮಾಡಬೇಡಿ. ಆಂಡ್ರಾಯ್ಡ್‌ನಲ್ಲಿ ವೈಫೈ ಸೆಟ್ಟಿಂಗ್‌ಗೆ ಹೋಗಿ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಐಫೋನ್‌ನಲ್ಲೂ ಪಾಸ್‌ವರ್ಡ್ ತೆರೆದು ನೋಡಬಹುದು. ಮನೆಗೆ ಬಂದ ಗೆಳೆಯ ಕೇಳಿದರೆ ಯಾರೂ "ಇಲ್ಲ" ಅನ್ನುವುದಿಲ್ಲ. ಒಂದು ವರ್ಷದಲ್ಲಿ ಆ ಪಾಸ್‌ವರ್ಡ್ ಎಷ್ಟು ಫೋನುಗಳಿಗೆ ಹೋಗಿದೆ ಅಂತ ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಅದಕ್ಕೇ ಅತಿಥಿಗಳಿಗೆ ಬೇರೆ ದಾರಿ ಮಾಡಿಕೊಡಬೇಕು.

ಫ್ರಿಟ್ಸ್‌ಬಾಕ್ಸ್‌ನಲ್ಲಿ `Gastzugang` ಅಂತ ಇದೆ, ಅತಿಥಿಗಳ ವೈಫೈ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದ ಫೋನಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ನಿಮ್ಮ ಪ್ರಿಂಟರ್, ನಿಮ್ಮ ಲ್ಯಾಪ್‌ಟಾಪ್‌ನ ಹಂಚಿದ ಫೋಲ್ಡರ್ ಕಾಣುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮ, ವಾರಾಂತ್ಯಕ್ಕೆ ಬರ್ಲಿನ್‌ನಿಂದ ಬಂದ ಗೆಳೆಯರು, ರಜೆಯಲ್ಲಿ ಒಂದು ತಿಂಗಳಿಗೆ ಕೋಣೆ ಹಿಡಿದವರು, ಎಲ್ಲರಿಗೂ ಇದನ್ನೇ ಕೊಡಿ. ಈ ಪಾಸ್‌ವರ್ಡ್ ಯಾವಾಗ ಬದಲಿಸಿದರೂ ಮನೆಯವರ ಒಂದು ಸಾಧನಕ್ಕೂ ತೊಂದರೆ ಇಲ್ಲ. ಒಂದು ವಿಷಯ ನೋಡಿಕೊಳ್ಳಿ. ಅತಿಥಿ ವೈಫೈನಲ್ಲಿ ಬರೀ ವೆಬ್ ಮತ್ತು ಮೇಲ್‌ಗೆ ಮಾತ್ರ ಅವಕಾಶ ಅನ್ನುವ ಒಂದು ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಬಿದ್ದಿದ್ದರೆ ಅಮ್ಮನ ವಿಡಿಯೋ ಕರೆ ಹೋಗದೇ ಇರಬಹುದು. ಆಗ ಆ ಟಿಕ್ ತೆಗೆಯಿರಿ.

ಈಗ ಹಣ ಕೈಬಿಟ್ಟು ಹೋಗುವ ವಿಷಯಕ್ಕೆ ಬರುತ್ತೇನೆ. ಭಾರತದಿಂದ ಹೊಸದಾಗಿ ಬಂದವರಿಗೆ ಚೀಟಿಯಲ್ಲಿ ಬರೆಯಲೇಬೇಕಾದ ಮಾತು ಇದು. ಜರ್ಮನಿಯಲ್ಲಿ ಟೊರೆಂಟ್‌ನಿಂದ ಸಿನಿಮಾ ಇಳಿಸಿಕೊಂಡರೆ ಮನೆಗೆ ವಕೀಲರ ಪತ್ರ ಬರುತ್ತದೆ. ಅದಕ್ಕೆ ಇಲ್ಲಿ ಆಬ್‌ಮಾನುಂಗ್ ಅನ್ನುತ್ತಾರೆ. ಟೊರೆಂಟ್ ಸಾಫ್ಟ್‌ವೇರ್ ಫೈಲನ್ನು ಇಳಿಸಿಕೊಳ್ಳುವಾಗಲೇ ಅದರ ತುಣುಕುಗಳನ್ನು ಬೇರೆಯವರಿಗೆ ಕಳಿಸುತ್ತಾ ಇರುತ್ತದೆ. ಕಾನೂನಿನ ಕಣ್ಣಿಗೆ ಅದು ಹಂಚಿಕೆ. ಹಕ್ಕುದಾರರ ಪರವಾಗಿ ಕೆಲಸ ಮಾಡುವವರು ಆ ಹೊತ್ತಿನ ಐಪಿ ವಿಳಾಸ ಬರೆದಿಟ್ಟುಕೊಳ್ಳುತ್ತಾರೆ. ಕೋರ್ಟಿನ ಅನುಮತಿ ಪಡೆದು, ಆ ವಿಳಾಸ ಯಾರ ಕರಾರಿನದು ಅಂತ ಇಂಟರ್ನೆಟ್ ಕಂಪನಿಯಿಂದ ಕೇಳಿ ತಿಳಿಯುತ್ತಾರೆ. ಹಾಗಾಗಿ ಪತ್ರ ಬರುವುದು ಸಿನಿಮಾ ನೋಡಿದವರಿಗಲ್ಲ, ನಿಮಗೆ. ಅದರಲ್ಲಿ ಕೇಳುವ ಮೊತ್ತ ಸಾಮಾನ್ಯವಾಗಿ ನೂರಾರು ಯೂರೋ. ಅತಿಥಿ ವೈಫೈನಿಂದ ಆದರೂ ಕರಾರು ನಿಮ್ಮದೇ ಆದ್ದರಿಂದ ಪತ್ರ ನಿಮ್ಮ ಹೆಸರಿಗೇ ಬರಬಹುದು.

ಹಾಗಂತ ಹೊಣೆಯೆಲ್ಲ ನಿಮ್ಮ ತಲೆಗೇ ಬೀಳುವುದಿಲ್ಲ. ಜರ್ಮನಿಯ ಉನ್ನತ ಸಿವಿಲ್ ನ್ಯಾಯಾಲಯ 2016ರ ಮೇ ತಿಂಗಳಲ್ಲಿ ಒಂದು ತೀರ್ಪು ಕೊಟ್ಟಿತು. ಜೊತೆಗಿರುವ ವಯಸ್ಕರಿಗೆ, ಮನೆಗೆ ಬಂದ ವಯಸ್ಕ ಅತಿಥಿಗಳಿಗೆ, ಅನುಮಾನಕ್ಕೆ ಕಾರಣ ಇಲ್ಲದಿದ್ದರೆ ಮೊದಲೇ ಎಚ್ಚರಿಕೆ ಹೇಳುವ ಕರ್ತವ್ಯ ಕರಾರುದಾರರಿಗೆ ಇಲ್ಲ ಅನ್ನುವುದು ಅದರ ಸಾರ. 2017ರಲ್ಲಿ ಕಾನೂನಿಗೇ ತಿದ್ದುಪಡಿ ಬಂದು ವೈಫೈ ಹಂಚಿಕೊಳ್ಳುವವರ ಹೊಣೆ ಇನ್ನಷ್ಟು ತಗ್ಗಿತು. ಆದರೆ ಪತ್ರ ಬಂದಾಗ ನೀವು ಸುಮ್ಮನೆ "ನಾನಲ್ಲ" ಅಂದರೆ ಸಾಲದು. ಆ ದಿನ ಆ ಸಂಪರ್ಕ ಬಳಸಲು ಇನ್ನೂ ಯಾರಿಗೆ ಸಾಧ್ಯವಿತ್ತು ಅಂತ ನೀವು ವಿವರ ಕೊಡಬೇಕಾಗುತ್ತದೆ. ಪಾಸ್‌ವರ್ಡ್ ಬದಲಿಸಿದ ತಾರೀಕು, ಆಗ ಮನೆಯಲ್ಲಿ ಇದ್ದವರ ಹೆಸರು ಒಂದು ಕಡೆ ಬರೆದಿಟ್ಟರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ವರ್ಷದಿಂದ ಒಂದೇ ಪಾಸ್‌ವರ್ಡ್ ಇದ್ದರೆ ನೀವು ಯಾರ ಹೆಸರು ಬರೆಯುತ್ತೀರಿ?

ಪತ್ರ ಬಂದೇಬಿಟ್ಟರೆ ಅದರಲ್ಲಿರುವ ಮುಚ್ಚಳಿಕೆಗೆ ಓದದೆ ಸಹಿ ಹಾಕಬೇಡಿ. ಹಣವನ್ನೂ ಕಟ್ಟಬೇಡಿ. ಆದರೆ ಕೊಟ್ಟ ಗಡುವನ್ನು ಮೀರಲು ಬಿಡಬೇಡಿ. ನಿಮ್ಮ ವಿದ್ಯಾರ್ಥಿ ಸಂಘದಲ್ಲಿ ಕಾನೂನು ಸಲಹೆ ಸಿಗುತ್ತದೆಯೇ ಅಂತ ಅವತ್ತೇ ಕೇಳಿ. ಇಲ್ಲದಿದ್ದರೆ ನೀವಿರುವ ಜರ್ಮನ್ ರಾಜ್ಯದ ಗ್ರಾಹಕ ಸಲಹಾ ಕೇಂದ್ರಕ್ಕೆ ಹೋಗಿ.

ಚೀಟಿಯಲ್ಲಿ ಈ ಎಲ್ಲ ಕಾನೂನು ಬೇಡ, ಎರಡು ವಾಕ್ಯ ಸಾಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ, ಮನೆಗೆ ಸ್ವಾಗತ.
>
> ನಮ್ಮ ವೈಫೈ ಬಗ್ಗೆ ಒಂದೆರಡು ಮಾತು. ಯಾರು ಮನೆ ಖಾಲಿ ಮಾಡಿದರೂ ಪಾಸ್‌ವರ್ಡ್ ಬದಲಿಸೋಣ ಅಂತ ನನ್ನ ಪ್ರಸ್ತಾಪ. ಈಗ ಇಬ್ಬರು ಹೋಗಿದ್ದಾರೆ, ಅದಕ್ಕೇ ಸೆಪ್ಟೆಂಬರ್ 30ರ ರಾತ್ರಿ ಬದಲಿಸಿದ್ದೇನೆ. ನಾನು ಹೋದ ದಿನ ನೀವೂ ಹಾಗೇ ಮಾಡಿ. ನಡುವೆ ಸುಮ್ನೆ ಬದಲಿಸುವುದು ಬೇಡ. ಯಾರದಾದರೂ ಫೋನ್ ಅಥವಾ ಲ್ಯಾಪ್‌ಟಾಪ್ ಕಳುವಾದರೆ ಮಾತ್ರ ತಕ್ಷಣ ಹೇಳಿ, ಅವತ್ತೇ ಬದಲಿಸೋಣ.
>
> ಕ್ಯೂಆರ್ ಕೋಡ್ ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಯಲ್ಲಿ ಅಂಟಿಸಿದ್ದೇನೆ. ಮೇಲಿನದು ನಮ್ಮ ಮೂವರಿಗೆ. ಕೆಳಗಿನದು ಅತಿಥಿಗಳಿಗೆ. ಮನೆಗೆ ಯಾರೇ ಬರಲಿ, ಕೆಳಗಿನದನ್ನೇ ತೋರಿಸಿ, ನನ್ನನ್ನು ಕೇಳಬೇಕಾಗಿಲ್ಲ. ಪಾಸ್‌ವರ್ಡ್ ಅನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಬೇಡ.
>
> ಇಂಟರ್ನೆಟ್ ಕರಾರು ನನ್ನ ಹೆಸರಲ್ಲಿದೆ. ಇಲ್ಲಿ ಟೊರೆಂಟ್‌ನಿಂದ ಸಿನಿಮಾ ಇಳಿಸಿದರೆ ವಕೀಲರ ಪತ್ರ ನನಗೆ ಬರುತ್ತದೆ, ನೂರಾರು ಯೂರೋ ಕೇಳುತ್ತಾರೆ. ಊರಲ್ಲಿ ಲ್ಯಾಪ್‌ಟಾಪ್‌ಗೆ ಟೊರೆಂಟ್ ಹಾಕಿಕೊಂಡಿದ್ದರೆ ಇಲ್ಲಿ ವೈಫೈಗೆ ಸೇರಿಸುವ ಮೊದಲು ಅದನ್ನು ತೆಗೆದುಬಿಡಿ. ಹಿಂದೆ ಅರ್ಧ ಇಳಿದ ಫೈಲ್ ಇದ್ದರೆ ಅದು ತಾನಾಗಿ ಶುರುವಾಗಿಬಿಡುತ್ತದೆ.
>
> ರೂಟರ್‌ನ ಸೆಟ್ಟಿಂಗ್ ಪಾಸ್‌ವರ್ಡ್ ಬೇರೆ ಇದೆ. ಅದನ್ನು ಮುಚ್ಚಿದ ಲಕೋಟೆಯಲ್ಲಿ ರೂಟರ್ ಪಕ್ಕದ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ನಾನು ಊರಿಗೆ ಹೋಗಿದ್ದಾಗ ನೆಟ್ ಕೆಟ್ಟರೆ ತೆರೆಯಿರಿ, ತೆರೆದಿದ್ದನ್ನು ನನಗೆ ತಿಳಿಸಿ.
>
> ಇದರಲ್ಲಿ ಯಾವುದಾದರೂ ಸರಿ ಅನ್ನಿಸದಿದ್ದರೆ ಭಾನುವಾರ ಊಟಕ್ಕೆ ಕೂತಾಗ ಮಾತಾಡೋಣ.

ಕಪಾಟಿನ ಒಳಬದಿ ಅಂತ ಬರೆದದ್ದಕ್ಕೆ ಕಾರಣ ಇದೆ. ಪಾಸ್‌ವರ್ಡ್ ಕಾಗದದ ಮೇಲೆ ಮನೆಯೊಳಗೆ ಇರುವುದು ತಪ್ಪಲ್ಲ. ಆದರೆ ಮುಂದೆ ಕೋಣೆ ಖಾಲಿಯಾದಾಗ ಜಾಹೀರಾತಿಗೆ ಅಡುಗೆಮನೆಯ ಫೋಟೋ ತೆಗೆದು ಹಾಕುತ್ತೀರಿ. ಫ್ರಿಜ್ ಬಾಗಿಲ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದೂ ಫೋಟೋದಲ್ಲಿ ಬರುತ್ತದೆ. ಫೋಟೋ ದೊಡ್ಡದು ಮಾಡಿ ಫೋನಿನಿಂದ ಓದಿಸಬಹುದು. ರೂಟರ್‌ನ ತಳದ ಸ್ಟಿಕ್ಕರ್ ಕೂಡ ಹಾಗೇ. ವಾಟ್ಸಾಪ್ ಗುಂಪು ಬೇಡ ಅನ್ನುವುದಕ್ಕೆ ಕಾರಣ, ಮನೆ ಬಿಟ್ಟವರು ಎಷ್ಟೋ ಸಲ ಗುಂಪಿನಲ್ಲಿ ಉಳಿದಿರುತ್ತಾರೆ. ಅವರನ್ನು ತೆಗೆದರೂ ಹಳೆಯ ಸಂದೇಶ ಅವರ ಫೋನಿನಲ್ಲಿ ಇರುತ್ತದೆ.

ಹೊಸ ಪಾಸ್‌ವರ್ಡ್ ಹೇಗಿರಬೇಕು? ನನ್ನ ಸಲಹೆ 20 ಅಂಕಿಗಳು. ವೈಫೈ ಪಾಸ್‌ವರ್ಡ್‌ನಲ್ಲಿ 8ರಿಂದ 63 ಅಕ್ಷರ ಇರಬಹುದು. ಅದರಲ್ಲಿ ಅಕ್ಷರ, ಚಿಹ್ನೆ ಎಲ್ಲ ಬೆರೆಸುವುದು ಜಾಣತನ ಅಂತ ಅನ್ನಿಸುತ್ತದೆ. ಆದರೆ ಜರ್ಮನ್ ಕೀಬೋರ್ಡ್‌ನಲ್ಲಿ `y` ಮತ್ತು `z` ಅದಲು ಬದಲಾಗಿವೆ, ಚಿಹ್ನೆಗಳೂ ಬೇರೆ ಜಾಗದಲ್ಲಿವೆ. ಇಲ್ಲಿ ಕೊಂಡ ಲ್ಯಾಪ್‌ಟಾಪ್‌ಗೂ ಊರಿಂದ ತಂದ ಲ್ಯಾಪ್‌ಟಾಪ್‌ಗೂ ಒತ್ತುವ ಕೀ ಬೇರೆಯಾಗುತ್ತದೆ. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುವುದರಿಂದ ತಪ್ಪು ಎಲ್ಲಿ ಅಂತ ತಿಳಿಯುವುದೇ ಇಲ್ಲ. ಅಂಕಿಗಳಲ್ಲಿ ಈ ತೊಂದರೆ ಇಲ್ಲ. ಪ್ರಿಂಟರ್‌ನ ಪುಟ್ಟ ಪರದೆಯಲ್ಲಿ, ಟಿವಿ ರಿಮೋಟ್‌ನಲ್ಲಿ ಒತ್ತುವುದೂ ಸುಲಭ.

ಆದರೆ ಆ ಅಂಕಿಗಳನ್ನು ನೀವು ಯೋಚಿಸಿ ಬರೆಯಬಾರದು. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಅಂಕಿ ಮಾತ್ರ, ಉದ್ದ 20 ಅಂತ ಕೊಟ್ಟು ಹುಟ್ಟಿಸಿ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವುದು ನಮ್ಮಲ್ಲಿ ಜಾಸ್ತಿ. ಡಬ್ಲ್ಯುಪಿಎ2 ಅನ್ನುವ ಭದ್ರತಾ ವಿಧಾನ ಬಳಸುವ ವೈಫೈಗೆ ಒಂದು ಫೋನ್ ಸೇರುವಾಗ ನಡೆಯುವ ಮಾತುಕತೆಯನ್ನು ಪಕ್ಕದ ಮನೆಯಿಂದ ಹಿಡಿದಿಟ್ಟುಕೊಂಡು, ಆಮೇಲೆ ಪುರುಸೊತ್ತಾಗಿ ಊಹೆ ಮಾಡುತ್ತಾ ಕೂರಬಹುದು. 10 ಅಂಕಿಯ ನಂಬರ್ ಅಂದರೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲವು ಗಂಟೆಗಳ ಕೆಲಸ. ಒಂದೊಂದು ಅಂಕಿ ಸೇರಿದಾಗಲೂ ಕೆಲಸ ಹತ್ತು ಪಟ್ಟು ಹೆಚ್ಚುತ್ತದೆ. ಹಾಗಾಗಿ 20 ಅಂಕಿಗೆ ಆ ದಾರಿ ಮುಚ್ಚಿದ ಹಾಗೇ.

ಬದಲಿಸುವ ರಾತ್ರಿ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ರೂಟರ್‌ಗೆ ಸೇರಿಸಿ. ವೈಫೈ ಮೇಲೆ ಕೂತು ವೈಫೈ ಪಾಸ್‌ವರ್ಡ್ ಬದಲಿಸಿದರೆ ಉಳಿಸಿದ ಕ್ಷಣವೇ ನೀವೇ ಹೊರಗೆ ಬೀಳುತ್ತೀರಿ. ಬ್ರೌಸರ್‌ನಲ್ಲಿ ಈ ವಿಳಾಸ ಕೊಡಿ:

```
http://fritz.box
```

ಅದು ಕೇಳುವುದು ರೂಟರ್ ಸೆಟ್ಟಿಂಗ್ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಅಲ್ಲ. ಒಳಗೆ ಹೋದ ಮೇಲೆ `Heimnetz` ಅಡಿಯಲ್ಲಿ ಸೇರಿರುವ ಸಾಧನಗಳ ಪಟ್ಟಿ ಇರುತ್ತದೆ. ಅದರ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಫೋನು, ಲ್ಯಾಪ್‌ಟಾಪ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಪ್ರಿಂಟರ್, ಟಿವಿ, ಸ್ಮಾರ್ಟ್ ಬಲ್ಬ್. ನಾಳೆ ಅಸೈನ್‌ಮೆಂಟ್ ಪ್ರಿಂಟ್ ತೆಗೆಯುವಾಗ ಪ್ರಿಂಟರ್ ಸಿಗುತ್ತಿಲ್ಲ ಅಂತ ಒದ್ದಾಡುವ ಬದಲು ಈಗಲೇ ಪಟ್ಟಿ ಇರಲಿ. ಆಮೇಲೆ `WLAN`, ಅದರಲ್ಲಿ `Sicherheit`. ಅಲ್ಲಿ `WLAN-Netzwerkschlüssel` ಎಂಬ ಜಾಗದಲ್ಲಿ ಹೊಸ ಅಂಕಿಗಳನ್ನು ಹಾಕಿ, `Übernehmen` ಒತ್ತಿ. ಕ್ಯೂಆರ್ ಕೋಡ್ ಇರುವ ಹಾಳೆಯನ್ನು ರೂಟರೇ ಕೊಡುತ್ತದೆ, ಅದನ್ನೇ ಪ್ರಿಂಟ್ ಮಾಡಿ. ಪ್ರಿಂಟರ್ ಕೂಡ ವೈಫೈನದೇ ಆಗಿದ್ದರೆ ಅದನ್ನು ಮೊದಲು ಹೊಸ ಪಾಸ್‌ವರ್ಡ್‌ಗೆ ಸೇರಿಸಬೇಕು.

ವೈಫೈ ಹೆಸರನ್ನು ಹಾಗೇ ಇಟ್ಟುಕೊಂಡರೆ ಕೆಲವು ಸಾಧನಗಳು ಹಳೆಯ ಪಾಸ್‌ವರ್ಡ್‌ನಿಂದಲೇ ಮತ್ತೆ ಮತ್ತೆ ಬಡಿಯುತ್ತವೆ. ಫೋನಿನಲ್ಲಿ ನೆಟ್‌ವರ್ಕ್ ಮರೆತುಬಿಡು ಅನ್ನುವ ಆಯ್ಕೆ ಒತ್ತಿ ಹೊಸದಾಗಿ ಸೇರಿಸಿ. ಇನ್ನೂ ಯಾವ ಸಾಧನ ಬಾಕಿ ಇದೆ ಅಂತ ತಿಳಿಯಲು ರೂಟರ್‌ನ `System` ಅಡಿಯಲ್ಲಿ `Ereignisse` ನೋಡಿ. ತಪ್ಪು ಪಾಸ್‌ವರ್ಡ್‌ನಿಂದ ಪ್ರಯತ್ನಿಸಿದ ಸಾಧನಗಳು ಅಲ್ಲಿ ಹೊತ್ತಿನ ಸಮೇತ ಬರೆದಿರುತ್ತವೆ. ಹಳೆಯ ಫ್ಲ್ಯಾಟ್‌ಮೇಟ್ ಮರೆತ ಕೊಡೆ ತೆಗೆದುಕೊಳ್ಳಲು ಬಂದಾಗ ಅವರ ಫೋನು ತಾನಾಗಿ ಪ್ರಯತ್ನಿಸಿದರೂ ಅದು ಅಲ್ಲಿ ಕಾಣುತ್ತದೆ. ಅದರಿಂದ ಅವರನ್ನು ಅನುಮಾನಿಸಬೇಡಿ, ಫೋನಿನ ಗುಣವೇ ಅದು.

ಪಾಸ್‌ವರ್ಡ್ ಬದಲಿಸಿದ `Sicherheit` ಪುಟದಲ್ಲಿ ಡಬ್ಲ್ಯುಪಿಎ2 ಮತ್ತು ಅದಕ್ಕಿಂತ ಹೊಸದಾದ ಡಬ್ಲ್ಯುಪಿಎ3 ಎರಡನ್ನೂ ಒಟ್ಟಿಗೆ ಬಿಡುವ ಆಯ್ಕೆ ಇದ್ದರೆ ಅದನ್ನು ಆರಿಸಿ. ಡಬ್ಲ್ಯುಪಿಎ3ರಿಂದ ಸೇರುವ ಸಾಧನಗಳ ವಿಷಯದಲ್ಲಿ ನಾನು ಮೇಲೆ ಹೇಳಿದ ಊಹೆಯ ದಾರಿಯೇ ಇಲ್ಲ. ಹಳೆಯ ಪ್ರಿಂಟರ್ ಇದರಿಂದ ಮುನಿಸಿಕೊಂಡರೆ ಡಬ್ಲ್ಯುಪಿಎ2 ಒಂದನ್ನೇ ಇಟ್ಟುಕೊಳ್ಳಿ. 20 ಅಂಕಿ ಇರುವಾಗ ಅದಕ್ಕೆ ಹೆದರಬೇಕಾಗಿಲ್ಲ.

ವೈಫೈ ಪಾಸ್‌ವರ್ಡ್ ಮಾತ್ರ ಬದಲಿಸಿ ರೂಟರ್ ಸೆಟ್ಟಿಂಗ್ ಪಾಸ್‌ವರ್ಡ್ ಹಳೆಯದೇ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಅದು ಗೊತ್ತಿರುವವರು ಒಮ್ಮೆ ಮನೆಗೆ ಬಂದು ನೆಟ್‌ವರ್ಕ್‌ಗೆ ಸೇರಿದರೆ ಹೊಸ ಪಾಸ್‌ವರ್ಡ್ ಅನ್ನು ಅಲ್ಲಿಂದಲೇ ಓದಿಕೊಳ್ಳಬಹುದು. ಹಿಂದೆ ಯಾರಾದರೂ ಹೊರಗಿನಿಂದ ರೂಟರ್ ತಲುಪಲು ವಿಪಿಎನ್ ಮಾಡಿಕೊಂಡಿದ್ದರೆ ಅದು ವೈಫೈ ಪಾಸ್‌ವರ್ಡ್ ಬದಲಾದರೂ ಬದುಕಿರುತ್ತದೆ. `Internet` ಅಡಿಯಲ್ಲಿ `Freigaben` ತೆರೆದು, ನಿಮಗೆ ಗೊತ್ತಿಲ್ಲದ ಏನಾದರೂ ಇದೆಯೇ ನೋಡಿ, ಇದ್ದರೆ ಅಳಿಸಿ. ಸೆಟ್ಟಿಂಗ್ ಪಾಸ್‌ವರ್ಡ್ ಕರಾರುದಾರರ ಕೈಯಲ್ಲೇ ಇರುವುದು ಸರಿ. ಆದರೆ ನೀವು ಫೆಬ್ರವರಿ ರಜೆಯಲ್ಲಿ ಊರಿಗೆ ಹೋದಾಗ ಇಬ್ಬರು ನೆಟ್ ಇಲ್ಲದೆ ಕೂರಬಾರದು. ಲಕೋಟೆಯ ಏರ್ಪಾಡು ಅದಕ್ಕೇ.

ಒಂದು ಕಡೆ ಮಾತ್ರ ಈ ವ್ಯವಸ್ಥೆ ಸದ್ದಿಲ್ಲದೆ ಕುಸಿಯುತ್ತದೆ. ನೆಟ್ ಕೈಕೊಟ್ಟಾಗ ಯಾರೋ ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡುತ್ತಾರೆ. ಆಗ ನಿಮ್ಮ 20 ಅಂಕಿ ಹೋಗಿ, ತಳದ ಸ್ಟಿಕ್ಕರ್‌ನಲ್ಲಿ ಅಚ್ಚಾದ ಪಾಸ್‌ವರ್ಡ್ ವಾಪಸ್ ಬರುತ್ತದೆ. ಆ ಸ್ಟಿಕ್ಕರ್‌ನ ಫೋಟೋ ಹಿಂದೆ ಆ ಮನೆಯಲ್ಲಿದ್ದ ಎಲ್ಲರ ಫೋನಿನಲ್ಲೂ ಇರಬಹುದು. ಹೆಸರೂ ಸ್ಟಿಕ್ಕರ್‌ನದೇ ಆಗುವುದರಿಂದ ಅದನ್ನು ಗುರುತಿಸುವುದು ಸುಲಭ. ಫೋನಿನ ವೈಫೈ ಪಟ್ಟಿಯಲ್ಲಿ ನೀವು ಇಟ್ಟ ಹೆಸರು ಮಾಯವಾಗಿ ಫ್ರಿಟ್ಸ್‌ಬಾಕ್ಸ್‌ನ ಮಾದರಿ ಹೆಸರು ಕಂಡರೆ ರೀಸೆಟ್ ಆಗಿದೆ ಅಂತ ಅರ್ಥ. ಅದಕ್ಕೇ ವೈಫೈಗೆ ನಿಮ್ಮದೇ ಒಂದು ಹೆಸರು ಇಡಿ, ಮನೆ ನಂಬರ್ ಅಥವಾ ನಿಮ್ಮ ಹೆಸರು ಅದರಲ್ಲಿ ಬೇಡ. ರೀಸೆಟ್ ಆದ ದಿನ ಪಾಸ್‌ವರ್ಡ್ ಮತ್ತೆ ಹಾಕಬೇಕು ಅನ್ನುವ ಒಂದು ಸಾಲನ್ನು ಲಕೋಟೆಯ ಒಳಗಿನ ಕಾಗದದಲ್ಲೇ ಬರೆದಿಡಿ. ರೀಸೆಟ್ ಮಾಡುವವರು ಅವತ್ತು ಆ ಲಕೋಟೆ ತೆರೆದಿರುತ್ತಾರೆ.